ಶಾಲೆಯ ವೆಬ್‌ಸೈಟ್: ಕಟ್ಟುವ ಖರ್ಚಿಗೆ ಮುನ್ನ ನಡೆಸುವ ಖರ್ಚು

ಗುಬ್ಬಿಯ ನಮ್ಮ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಎಲ್ಲ ಸದಸ್ಯರಿಗೆ,

ವಿಷಯ: ಶಾಲೆಯ ಹಳೆಯ ವೆಬ್‌ಸೈಟನ್ನು ಹೊಸದಾಗಿ ರೂಪಿಸುವ ಪ್ರಸ್ತಾವ – ಕೆಲಸದ ವ್ಯಾಪ್ತಿ, ಹಂತಗಳು ಮತ್ತು ವಾರ್ಷಿಕ ನಿರ್ವಹಣೆ ವೆಚ್ಚ.

ಮಾನ್ಯರೇ,

ನಾನು ಈ ಶಾಲೆಯಲ್ಲಿ ಓದುತ್ತಿರುವ ಮಗುವೊಂದರ ಪೋಷಕ. ವೆಬ್‌ಸೈಟ್ ಮಾಡುವುದು ನನ್ನ ವೃತ್ತಿ. ಪೋಷಕರ ಸಭೆಯಲ್ಲಿ ‘ವೆಬ್‌ಸೈಟ್ ಹಳೆಯದಾಗಿದೆ, ಎಷ್ಟು ಖರ್ಚಾದೀತು’ ಎಂಬ ಮಾತು ಬಂದಿತ್ತು. ಅದಕ್ಕೆ ಲೆಕ್ಕ ಸಮೇತ ಉತ್ತರ ಕೊಡುವ ಪ್ರಯತ್ನವಿದು. ಇದನ್ನು ಬಹಿರಂಗ ಪತ್ರವಾಗಿ ಬರೆಯಲು ಕಾರಣವಿದೆ. ತಾಲ್ಲೂಕಿನ ಬೇರೆ ಶಾಲೆಗಳವರೂ ಇದೇ ಪ್ರಶ್ನೆ ಕೇಳುತ್ತಿದ್ದಾರೆ, ಅವರ ಸೈಟುಗಳ ಕಾಯಿಲೆಯೂ ಹೆಚ್ಚುಕಡಿಮೆ ಇದೇ. ಆದ್ದರಿಂದ ಶಾಲೆಯ ಹೆಸರನ್ನಾಗಲಿ, ಹಿಂದೆ ಸೈಟು ಮಾಡಿಕೊಟ್ಟವರ ಹೆಸರನ್ನಾಗಲಿ ಇಲ್ಲಿ ಬರೆದಿಲ್ಲ.

ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸ ಸೈಟು ಕಟ್ಟಲು ಹಣ ಮಂಜೂರು ಮಾಡುವ ಮೊದಲು, ಅದನ್ನು ಮುಂದಿನ ಐದು ವರ್ಷ ನಡೆಸುವ ಹಣಕ್ಕೆ ಒಪ್ಪಿಗೆ ಕೊಡಿ. ಅದಕ್ಕೆ ಮನಸ್ಸಿಲ್ಲವಾದರೆ ಹೊಸ ಸೈಟೇ ಬೇಡ. ಈಗಿರುವ ಸೈಟು ಹಾಳಾದದ್ದು ಅದನ್ನು ಕೆಟ್ಟದಾಗಿ ಕಟ್ಟಿದ್ದರಿಂದಲ್ಲ, ಕಟ್ಟಿದ ಮೇಲೆ ಯಾರೂ ಅದರ ಕಡೆ ತಿರುಗಿ ನೋಡದೆ ಇದ್ದುದರಿಂದ.

ಈಗ ಏನಾಗಿದೆ

ಶಾಲೆಯ ವಿಳಾಸವನ್ನು ಫೋನಿನಲ್ಲಿ ತೆರೆದು ನೋಡಿ. ಮೊದಲು ಕಾಣುವುದು ವಿಳಾಸದ ಪಕ್ಕದಲ್ಲಿ ‘Not secure’ ಎಂಬ ಎಚ್ಚರಿಕೆ. 2018ರ ಜುಲೈನಿಂದ ಕ್ರೋಮ್ ಬ್ರೌಸರ್, https ಇಲ್ಲದ ಪ್ರತಿಯೊಂದು ಸೈಟಿಗೂ ಈ ಹಣೆಪಟ್ಟಿ ಹಚ್ಚುತ್ತಿದೆ. httpsಗೆ ಬೇಕಾದ ಸರ್ಟಿಫಿಕೇಟನ್ನು ‘ಲೆಟ್ಸ್ ಎನ್‌ಕ್ರಿಪ್ಟ್’ ಸಂಸ್ಥೆ ಉಚಿತವಾಗಿಯೇ ಕೊಡುತ್ತದೆ. ಕಾಸು ಖರ್ಚಿಲ್ಲದ ಕೆಲಸವೂ ಇಷ್ಟು ವರ್ಷ ಆಗಿಲ್ಲವೆಂದರೆ ಸೈಟಿಗೆ ವಾರಸುದಾರರಿಲ್ಲ ಎಂದೇ ಅರ್ಥ. ಎರಡನೆಯದಾಗಿ, ಪುಟ ಕಂಪ್ಯೂಟರಿನ ಅಗಲಕ್ಕೆ ಮಾಡಿದ್ದು. ಫೋನಿನಲ್ಲಿ ಎರಡು ಬೆರಳಿಟ್ಟು ಹಿಗ್ಗಿಸದೆ ಒಂದು ಸಾಲೂ ಓದಲಾಗುವುದಿಲ್ಲ. ಸೈಟು ನಡೆಯುತ್ತಿರುವ ಪಿಎಚ್‌ಪಿ 5.6 ಆವೃತ್ತಿಗೆ 2018ರ ಡಿಸೆಂಬರ್ 31ರಂದೇ ಭದ್ರತಾ ದುರಸ್ತಿ ನಿಂತುಹೋಗಿದೆ.

ಇಂಥ ಸೈಟಿನೊಳಗೆ ಬೇರೆಯವರು ನುಗ್ಗಿದರೆ ಮುಖಪುಟ ಹಾಗೆಯೇ ಇರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಅವರು ಒಳಗೆ ಜೂಜಿನ ಜಾಹೀರಾತಿನ ನೂರಾರು ಪುಟಗಳನ್ನು ಬಚ್ಚಿಡುತ್ತಾರೆ. ಅದನ್ನು ಪತ್ತೆ ಮಾಡಲು ಗೂಗಲ್‌ನಲ್ಲಿ `site:example.in` ಎಂದು ಟೈಪ್ ಮಾಡಿ, `example.in` ಇರುವ ಕಡೆ ನಮ್ಮ ವಿಳಾಸ ಹಾಕಿ. ಹತ್ತು ಪುಟದ ಸೈಟಿಗೆ ನೂರಾರು ಫಲಿತಾಂಶ ಬಂದರೆ, ಅದರಲ್ಲಿ ಜಪಾನಿ ಅಕ್ಷರವೋ ಕ್ಯಾಸಿನೊ ಹೆಸರೋ ಕಂಡರೆ, ಯಾರೋ ಒಳಗೆ ಬಂದಿದ್ದಾರೆಂದು ತಿಳಿಯಬಹುದು. ಈ ಪತ್ರ ಓದುತ್ತಿರುವ ಬೇರೆ ಶಾಲೆಗಳವರೂ ಇವತ್ತೇ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಸೈಟು ಹೀಗೆ ಹಳೆಯದಾಗಿರುವುದರಿಂದ ಪೋಷಕರಿಗೆ ಆಗುವ ತೊಂದರೆಗೆ ಒಂದು ಉದಾಹರಣೆ ಸಾಕು. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಮಗುವಿಗೆ 6 ವರ್ಷ ತುಂಬಿರಬೇಕು ಎಂಬ ನಿಯಮ 2025-26ರಿಂದ ಜಾರಿಗೆ ಬರಬೇಕಿತ್ತು. 2025ರ ಏಪ್ರಿಲ್‌ನಲ್ಲಿ, ದಾಖಲಾತಿಯ ಭರಾಟೆಯ ನಡುವೆಯೇ, ಆ ಒಂದು ವರ್ಷದ ಮಟ್ಟಿಗೆ ಸರ್ಕಾರ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿತು. ಅಂಥ ವಾರದಲ್ಲಿ ಹಾಗಲವಾಡಿಯಿಂದಲೋ ಸಿ.ಎಸ್. ಪುರದಿಂದಲೋ ಒಬ್ಬರು ಸೈಟು ತೆರೆದರೆ ಸಿಗಬೇಕಾದದ್ದು ಎರಡು ಸಾಲಿನ ಉತ್ತರ: ಈ ವರ್ಷ ವಯಸ್ಸಿನ ನಿಯಮ ಏನು, ಯಾವ ದಾಖಲೆ ತರಬೇಕು. ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರುವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಗಿದೆ. ಅಂಥ ಕಡೆಗೆ ವರ್ಗವಾಗಿ ಬರುವವರಿಗೆ ಊರಿನಲ್ಲಿ ಕೇಳಿ ತಿಳಿಯಲು ನೆಂಟರಿಷ್ಟರಿರುವುದಿಲ್ಲ, ಅವರು ಮೊದಲು ಫೋನಿನಲ್ಲೇ ಹುಡುಕುತ್ತಾರೆ. ನಮ್ಮ ಸೈಟಿನಲ್ಲಿ ಅವರಿಗೆ ಸಿಗುವುದು ಹಳೆಯ ವರ್ಷದ ಪ್ರಕಟಣೆ.

ಕನ್ನಡದ ಪುಟಗಳ ಕಥೆ

ಹೊಸ ಸೈಟು ಎಂದ ಕೂಡಲೇ ಬಣ್ಣ, ಬ್ಯಾನರ್, ಓಡುವ ಫೋಟೊಗಳ ಮಾತು ಬರುತ್ತದೆ. ನನ್ನ ಲೆಕ್ಕದಲ್ಲಿ ಅತಿ ಹೆಚ್ಚು ಕೈಕೆಲಸ ಇರುವುದು ಬೇರೆ ಕಡೆ. ಶಾಲೆಯ ಇತಿಹಾಸ, ನಿಯಮಾವಳಿ, ಹಳೆಯ ವರದಿಗಳೆಲ್ಲ ಕಚೇರಿಯ ಕಂಪ್ಯೂಟರಿನಲ್ಲಿ ಹಳೆಯ ನುಡಿ ಫಾಂಟಿನಲ್ಲಿವೆ. ಆ ಫಾಂಟು ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕೂರಿಸಿದ ಏರ್ಪಾಡು. ಕಚೇರಿಯ ಕಂಪ್ಯೂಟರಿನಲ್ಲಿ ಆ ಫಾಂಟು ಇರುವುದರಿಂದ ಎಲ್ಲ ಸರಿಯಾಗಿ ಕಾಣುತ್ತದೆ. ಪೋಷಕರ ಫೋನಿನಲ್ಲಿ ಅದು ಇರುವುದಿಲ್ಲ, ಅಲ್ಲಿ ನಮ್ಮ ಊರಿನ ಹೆಸರೇ ಹೀಗೆ ಕಾಣುತ್ತದೆ:

```
UÀÄ©â      (ನುಡಿ ಫಾಂಟಿನ ಪಠ್ಯ)
ಗುಬ್ಬಿ       (ಯುನಿಕೋಡ್ ಪಠ್ಯ)
```

ಗೂಗಲ್ ಕೂಡ ಮೊದಲ ಸಾಲನ್ನು ಹಾಗೆಯೇ ಓದಿಕೊಳ್ಳುತ್ತದೆ. ಹಾಗಾಗಿ ‘ಗುಬ್ಬಿ ಶಾಲೆ ದಾಖಲಾತಿ’ ಎಂದು ಕನ್ನಡದಲ್ಲಿ ಹುಡುಕುವವರಿಗೆ ನಮ್ಮ ಪುಟ ಸಿಗುವ ಮಾತೇ ಇಲ್ಲ. ಪಿಡಿಎಫ್ ಮಾಡಿ ಹಾಕಿದರೆ ಕಣ್ಣಿಗೆ ಸರಿ ಕಂಡರೂ ಹುಡುಕಾಟಕ್ಕೆ ಮತ್ತೆ ಅದೇ ಗತಿ. ಮುದ್ರೆ ಒತ್ತಿದ ಪ್ರಕಟಣೆಯ ಫೋಟೊ ತೆಗೆದು ಹಾಕಿದರೆ ಅಷ್ಟೂ ಇಲ್ಲ.

ನುಡಿ ಪಠ್ಯವನ್ನು ಯುನಿಕೋಡ್‌ಗೆ ಬದಲಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಆದರೆ ಒಂದು ಗುಂಡಿ ಒತ್ತಿ ಕೈತೊಳೆದುಕೊಳ್ಳುವ ಕೆಲಸವಲ್ಲ. ‘ಅರ್ಜಿ’ ಎಂಬ ಪದ ತೆಗೆದುಕೊಳ್ಳಿ. ನುಡಿಯಲ್ಲಿ ಅದು `Cfð`: ಮೊದಲು ಅ, ಆಮೇಲೆ ಜಿ, ಕೊನೆಯಲ್ಲಿ ಅರ್ಕಾವತ್ತು. ಯುನಿಕೋಡ್‌ನಲ್ಲಿ ರ ಮೊದಲು ಬರಬೇಕು, ಜಿ ಆಮೇಲೆ. ಪರಿವರ್ತಕವು ಅರ್ಕಾವತ್ತನ್ನು ಹಿಂದಿನಿಂದ ಎತ್ತಿ ಮುಂದಕ್ಕೆ ಕೂರಿಸಬೇಕು. ಅರ್ಕಾವತ್ತಿನ ಜೊತೆ ಒತ್ತಕ್ಷರವೋ ದೀರ್ಘವೋ ಸೇರಿದ ಕಡೆ ಈ ಲೆಕ್ಕ ತಪ್ಪುವುದುಂಟು. ನಡುವೆ ಇಂಗ್ಲಿಷ್ ಪದ, ಇಮೇಲ್ ವಿಳಾಸ ಬಂದರೆ ಅದನ್ನೂ ಕನ್ನಡವೆಂದು ತಿಳಿದು ಕಲಸಿಬಿಡುತ್ತದೆ. ತಪ್ಪು ಹೆಚ್ಚಾಗಿ ಬೀಳುವುದು ದಾನಿಗಳ ಮತ್ತು ಶಿಕ್ಷಕರ ಹೆಸರುಗಳ ಮೇಲೆ. ಆದ್ದರಿಂದ ಬದಲಿಸಿದ ಪ್ರತಿ ಪುಟವನ್ನೂ ಕನ್ನಡ ಶಿಕ್ಷಕರೊಬ್ಬರು ಮೂಲದ ಪಕ್ಕದಲ್ಲಿಟ್ಟು ಓದಿ ಸಹಿ ಹಾಕಬೇಕು. ಅವರ ಶ್ರಮಕ್ಕೆ ಹಣವನ್ನು ಕೆಳಗಿನ ಅಂದಾಜಿನಲ್ಲಿ ಸೇರಿಸಿದ್ದೇನೆ.

ಕೆಲಸದ ವ್ಯಾಪ್ತಿ

ಸೈಟಿನಲ್ಲಿ ಎಂಟು ಪುಟ ಸಾಕು: ಮುಖಪುಟ, ಶಾಲೆಯ ಪರಿಚಯ, ದಾಖಲಾತಿ, ಶುಲ್ಕ, ಶಿಕ್ಷಕರು, ಪ್ರಕಟಣೆಗಳು, ಚಿತ್ರಗಳು, ಸಂಪರ್ಕ. ಎಲ್ಲವೂ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರಬೇಕು, ಮೊದಲು ತೆರೆಯುವುದು ಕನ್ನಡ. ಎಂಟರಲ್ಲಿ ಏಳು ಪುಟ ವರ್ಷಕ್ಕೊಮ್ಮೆ ಬದಲಾದರೆ ಹೆಚ್ಚು. ಪ್ರಕಟಣೆಯ ಪುಟವೊಂದೇ ತಿಂಗಳು ತಿಂಗಳು ಬದಲಾಗುತ್ತದೆ, ಅದನ್ನು ಕಚೇರಿಯವರೇ ಫೋನಿನಿಂದ ಮಾಡುವಂತಿರಬೇಕು. ಈ ಕಾರಣಕ್ಕೆ ವರ್ಡ್‌ಪ್ರೆಸ್ ಸೂಚಿಸುತ್ತಿದ್ದೇನೆ. ಅದಕ್ಕೆ ಆಗಾಗ ಅಪ್‌ಡೇಟ್ ಮಾಡುವ ರೇಜಿಗೆ ಇದೆ, ನಿಜ. ಆದರೆ ನಾಳೆ ನಾನಿಲ್ಲದಿದ್ದರೂ ತುಮಕೂರಿನಲ್ಲಿ ಅದನ್ನು ಬಲ್ಲವರು ಸಿಗುತ್ತಾರೆ. ಪ್ಲಗಿನ್‌ಗಳು ಐದಕ್ಕಿಂತ ಹೆಚ್ಚಾಗಬಾರದು ಎಂಬ ಷರತ್ತು ಒಪ್ಪಂದದಲ್ಲಿರಲಿ. ಇಂಥ ಸೈಟುಗಳಿಗೆ ಕಳ್ಳರು ನುಗ್ಗುವುದು ಹೆಚ್ಚಾಗಿ ಹಳೆಯ ಪ್ಲಗಿನ್‌ಗಳ ಮೂಲಕವೇ.

ಬೇಡದ್ದನ್ನೂ ಬರೆದಿಡುವುದು ಒಳ್ಳೆಯದು. ಮೊಬೈಲ್ ಆ್ಯಪ್ ಬೇಡ. ಹಾಜರಿ, ಅಂಕಪಟ್ಟಿ ಬೇಡ. ಆನ್‌ಲೈನ್ ಶುಲ್ಕ ಪಾವತಿಯೂ ಈಗ ಬೇಡ. ಹಣ ಮತ್ತು ಮಕ್ಕಳ ವಿವರ ಸೈಟಿನೊಳಗೆ ಬಂದರೆ ಅದನ್ನು ಕಾಯುವ ಖರ್ಚು ಬೇರೆಯದೇ ಮಟ್ಟಕ್ಕೆ ಏರುತ್ತದೆ. ದಿನನಿತ್ಯದ ಹೋಂವರ್ಕ್, ರಜೆಯ ಸುದ್ದಿಗೆ ತರಗತಿಯ ವಾಟ್ಸ್ಆ್ಯಪ್ ಗುಂಪುಗಳಿವೆ, ಅವು ಚೆನ್ನಾಗಿಯೇ ನಡೆಯುತ್ತಿವೆ.

ಚಿತ್ರಗಳ ಪುಟದ ಬಗ್ಗೆ ಒಂದು ಎಚ್ಚರಿಕೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನ ಎಲ್ಲರೂ ಮಕ್ಕಳೇ, ಅವರ ವಿವರ ಬಳಸಲು ಪೋಷಕರ ಒಪ್ಪಿಗೆ ಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಈ ಕರ್ತವ್ಯಗಳಿಗೆ ಸಿದ್ಧವಾಗಲು 18 ತಿಂಗಳ ಕಾಲಾವಕಾಶ ಸಿಕ್ಕಿದೆ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಪಡೆದವರ ಫೋಟೊ, ಹೆಸರು, ಅಂಕ ಮೂರನ್ನೂ ಫ್ಲೆಕ್ಸಿನಲ್ಲಿ ಹಾಕುವಂತೆಯೇ ಸೈಟಿನಲ್ಲೂ ಹಾಕುವುದು ನಮ್ಮಲ್ಲಿ ರೂಢಿ. ಫ್ಲೆಕ್ಸು ತಿಂಗಳಿಗೆ ಹರಿದುಹೋಗುತ್ತದೆ, ಸೈಟಿನಲ್ಲಿದ್ದದ್ದು ಉಳಿಯುತ್ತದೆ. ದಾಖಲಾತಿ ಅರ್ಜಿಯಲ್ಲೇ ಒಪ್ಪಿಗೆಯ ಒಂದು ಸಾಲು, ಪಕ್ಕದಲ್ಲಿ ಸಹಿಗೆ ಜಾಗ ಇರಲಿ. ಒಪ್ಪದವರ ಮಗುವಿನ ಫೋಟೊ ಹಾಕುವುದು ಬೇಡ. ಗುಂಪು ಚಿತ್ರಗಳಿಗೆ ಹೆಸರು ಬರೆಯುವುದೂ ಬೇಡ.

ನಾಲ್ಕು ಹಂತಗಳು

ಡಿಸೆಂಬರ್ ಮೊದಲ ವಾರ ಕೆಲಸ ಆರಂಭಿಸಿದರೆ ಮಾರ್ಚ್ ಮೊದಲ ವಾರ ಹೊಸ ಸೈಟು ತೆರೆಯಬಹುದು. ದಾಖಲಾತಿಯ ವಿಚಾರಣೆ ಬಿರುಸಾಗುವುದು ಆಮೇಲೆಯೇ. ಫೆಬ್ರುವರಿಯಲ್ಲಿ ಶಿಕ್ಷಕರು ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಗಳಲ್ಲಿ ಮುಳುಗಿರುತ್ತಾರೆ, ಹಾಗಾಗಿ ಅವರಿಂದ ಆಗಬೇಕಾದದ್ದೆಲ್ಲ ಜನವರಿಯೊಳಗೆ ಮುಗಿಯಬೇಕು.

ಮೊದಲ ಹಂತ ಒಡೆತನದ್ದು, ಎರಡು ವಾರ. ಶಾಲೆಯ ವೆಬ್ ವಿಳಾಸ, ಅಂದರೆ ಡೊಮೇನ್, ಯಾರ ಹೆಸರಿನಲ್ಲಿದೆ ಎಂದು ನೋಡಬೇಕು. ಹಿಂದೆ ಸೈಟು ಮಾಡಿದವರು ತಮ್ಮ ಹೆಸರು, ತಮ್ಮ ಇಮೇಲ್ ಕೊಟ್ಟು ನೋಂದಾಯಿಸಿರುವುದೇ ಸಾಮಾನ್ಯ. ಅವರು ಫೋನ್ ಎತ್ತದಿದ್ದರೆ, ನವೀಕರಣದ ದಿನ ಮರೆತರೆ, ವಿಳಾಸ ನಮ್ಮ ಕೈತಪ್ಪುತ್ತದೆ. ಹಾಗೆ ಬಿಟ್ಟುಹೋದ ವಿಳಾಸಗಳನ್ನು ಕೊಳ್ಳಲು ಕಾದು ಕುಳಿತವರಿದ್ದಾರೆ. ಶಾಲೆಯ ಬಸ್ಸಿನ ಮೇಲೆ, ಡೈರಿಯ ಮೇಲೆ ಅಚ್ಚಾದ ಅದೇ ವಿಳಾಸದಲ್ಲಿ ನಾಳೆ ಜೂಜಿನ ಸೈಟು ತೆರೆಯಬಹುದು. ಆದ್ದರಿಂದ ಹಳೆಯವರಿಂದ ವರ್ಗಾವಣೆಯ ಕೋಡ್ ಪಡೆದು, ಡೊಮೇನನ್ನು ಸಂಸ್ಥೆಯ ಹೆಸರಿಗೆ ತಂದು, ಐದು ವರ್ಷಕ್ಕೆ ಒಮ್ಮೆಗೇ ಹಣ ಕಟ್ಟಿಬಿಡಬೇಕು. ಒಟಿಪಿ ಬರುವ ನಂಬರ್ ಮುಖ್ಯ ಶಿಕ್ಷಕರ ಸ್ವಂತದ್ದಾಗಿರಬಾರದು, ಕಚೇರಿಯಲ್ಲೇ ಇರುವ ಸಿಮ್ ಆಗಿರಬೇಕು. ಮಾನ್ಯತೆ ಪತ್ರ ಕೊಟ್ಟು ಅರ್ನೆಟ್ ಇಂಡಿಯಾದಿಂದ edu.in ವಿಳಾಸ ಪಡೆಯುವ ದಾರಿಯೂ ಇದೆ. ಅದು ಶಿಕ್ಷಣ ಸಂಸ್ಥೆಗಳಿಗಷ್ಟೇ ಸಿಗುವುದರಿಂದ ಹೊರಗಿನವರು ಕೊಳ್ಳುವ ಭಯ ಕಡಿಮೆ.

ಎರಡನೆಯ ಹಂತ ಮಾಹಿತಿ ಸಂಗ್ರಹ, ನಾಲ್ಕು ವಾರ. ಮೇಲೆ ಹೇಳಿದ ಯುನಿಕೋಡ್ ಕೆಲಸ, ಇಂಗ್ಲಿಷ್ ಪಠ್ಯ, ಹೊಸ ಫೋಟೊಗಳು ಇದರಲ್ಲಿ ಸೇರುತ್ತವೆ. ಫೋನಿನಲ್ಲಿ ತೆಗೆದ ಒಂದು ಫೋಟೊ 4-5 ಎಂಬಿ ಇರುತ್ತದೆ. ಅದನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ 150-200 ಕೆಬಿಗೆ ಬರುತ್ತದೆ, ಫೋನಿನ ಪರದೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಸಿಗ್ನಲ್ ಕಡಿಮೆ ಇರುವ ಹಳ್ಳಿಯಲ್ಲಿ ಪುಟ ತೆರೆಯುತ್ತದೋ ಇಲ್ಲವೋ ಎಂಬುದು ಇದರ ಮೇಲೆಯೇ ನಿಂತಿದೆ. ಅನುಭವದಿಂದ ಹೇಳುವುದಾದರೆ, ಶಾಲೆಯ ಸೈಟಿನ ಕೆಲಸ ತಡವಾಗುವುದು ಯಾವಾಗಲೂ ಈ ಹಂತದಲ್ಲಿ. ‘ಪರಿಚಯದ ಪುಟ ನಾಳೆ ಬರೆದುಕೊಡ್ತೀವಿ’ ಎಂಬ ಮಾತಿಗೆ ಮೂರು ತಿಂಗಳು ಸಂದಿರುತ್ತದೆ. ಮಂಡಳಿಯ ಒಬ್ಬ ಸದಸ್ಯರು ಮತ್ತು ಒಬ್ಬ ಶಿಕ್ಷಕರನ್ನು ಹೆಸರು ಹಿಡಿದು ಇದಕ್ಕೆ ನೇಮಿಸಬೇಕು.

ಮೂರನೆಯ ಹಂತ ವಿನ್ಯಾಸ ಮತ್ತು ನಿರ್ಮಾಣ, ಐದು ವಾರ. ಮೊದಲು ಫೋನಿನ ಪರದೆಗೆ ಮಾಡಿ ಆಮೇಲೆ ಕಂಪ್ಯೂಟರಿಗೆ ಹಿಗ್ಗಿಸುವ ಕ್ರಮ. ಹಳೆಯ ಪುಟಗಳ ವಿಳಾಸ ಒತ್ತಿದವರು ನೇರ ಹೊಸ ಪುಟಕ್ಕೆ ಬರುವಂತೆ ದಾರಿ ತಿರುಗಿಸುವುದೂ ಇದರಲ್ಲಿ ಸೇರಿದೆ. ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು, ಕಂಪ್ಯೂಟರಿನಲ್ಲಿ ಪುಟದ ಮೇಲೆ ಬಲಗುಂಡಿ ಒತ್ತಿ ‘View page source’ ಆಯ್ದು ಈ ಮೂರು ಸಾಲು ಹುಡುಕಿ. ಅಕ್ಕಪಕ್ಕ ಬೇರೆ ಪದಗಳಿದ್ದರೂ ಚಿಂತೆಯಿಲ್ಲ:

```
<html lang="kn">
<meta charset="utf-8">
<meta name="viewport" content="width=device-width, initial-scale=1">
```

ಮೊದಲನೆಯದು ಪುಟ ಕನ್ನಡದ್ದೆಂದು ಬ್ರೌಸರಿಗೆ ಹೇಳುತ್ತದೆ. ಎರಡನೆಯದು ಯುನಿಕೋಡ್ ಪಠ್ಯವನ್ನು ಸರಿಯಾಗಿ ಓದಿಸುತ್ತದೆ. ಮೂರನೆಯದು ಇಲ್ಲದಿದ್ದರೆ ಫೋನಿನಲ್ಲಿ ಮತ್ತೆ ಬೆರಳಿಟ್ಟು ಹಿಗ್ಗಿಸಬೇಕಾಗುತ್ತದೆ.

ನಾಲ್ಕನೆಯ ಹಂತ ಪರೀಕ್ಷೆ, ತರಬೇತಿ ಮತ್ತು ಹಸ್ತಾಂತರ, ಎರಡು ವಾರ. ಕಚೇರಿಯ ಇಬ್ಬರು ಸಿಬ್ಬಂದಿ ಯಾರ ಸಹಾಯವೂ ಇಲ್ಲದೆ ಒಂದು ಪ್ರಕಟಣೆ ಹಾಕಿ, ತಿದ್ದಿ, ಅಳಿಸಿ ತೋರಿಸಿದ ಮೇಲೆಯೇ ಈ ಹಂತ ಮುಗಿದಂತೆ. ಎಲ್ಲ ಪಾಸ್‌ವರ್ಡ್‌ಗಳನ್ನು ಬರೆದು, ಲಕೋಟೆ ಮುಚ್ಚಿ, ಶಾಲೆಯ ಬೀರುವಿನಲ್ಲಿ ಇಡಬೇಕು.

ಖರ್ಚಿನ ಲೆಕ್ಕ

ನಿರ್ಮಾಣಕ್ಕೆ ನನ್ನ ಅಂದಾಜು:

- ಒಡೆತನ ಮತ್ತು ಹಳೆಯ ಸೈಟಿನ ತಪಾಸಣೆ: ₹6,000
- ಮಾಹಿತಿ, ಯುನಿಕೋಡ್ ಪರಿವರ್ತನೆ, ಕರಡು ತಿದ್ದುವಿಕೆ, ಫೋಟೊ: ₹14,000
- ವಿನ್ಯಾಸ ಮತ್ತು ನಿರ್ಮಾಣ: ₹28,000
- ಪರೀಕ್ಷೆ, ತರಬೇತಿ, ಹಸ್ತಾಂತರ: ₹7,000
- ಒಟ್ಟು: ₹55,000

ಒಂದೊಂದು ಹಂತ ಮುಗಿದು ನೀವು ಒಪ್ಪಿದ ಮೇಲೆ ಆ ಹಂತದ ಹಣ ಕೊಡಿ. ಮುಂಗಡವಾಗಿ ಪೂರ್ತಿ ಯಾರಿಗೂ ಕೊಡಬೇಡಿ, ನನಗೂ ಸೇರಿದಂತೆ.

ವರ್ಷದ ನಿರ್ವಹಣೆಗೆ:

- ಡೊಮೇನ್: ₹900
- ಹೋಸ್ಟಿಂಗ್: ₹4,500
- ತಾಂತ್ರಿಕ ನಿರ್ವಹಣೆ, ತಿಂಗಳಿಗೆ ₹1,000ರಂತೆ: ₹12,000
- ಪ್ರಕಟಣೆ ಹಾಕುವ ಸಿಬ್ಬಂದಿಗೆ ಗೌರವಧನ, ತಿಂಗಳಿಗೆ ₹500ರಂತೆ: ₹6,000
- ಒಟ್ಟು: ₹23,400

600 ಮಕ್ಕಳಿರುವ ಶಾಲೆಗೆ ಇದು ಮಗುವೊಂದಕ್ಕೆ ವರ್ಷಕ್ಕೆ ₹39. ಐದು ವರ್ಷಕ್ಕೆ ನಿರ್ವಹಣೆಯೇ ₹1,17,000 ಆಗುತ್ತದೆ, ಅಂದರೆ ಕಟ್ಟುವ ಖರ್ಚಿನ ಎರಡು ಪಟ್ಟಿಗೂ ಹೆಚ್ಚು. ಎರಡೂ ಸೇರಿ ₹1,72,000. ಮಂಡಳಿಯ ಮುಂದೆ ಇಡಬೇಕಾದ ನಿಜವಾದ ಮೊತ್ತ ಇದು. ಕೇವಲ ₹55,000 ಎಂದು ಹೇಳಿ ಒಪ್ಪಿಸಿದರೆ ಎರಡನೆಯ ವರ್ಷದ ನವೀಕರಣದ ಬಿಲ್ಲು ಬಂದಾಗ ‘ಇದೇನು ಹೊಸ ಖರ್ಚು’ ಎಂಬ ಪ್ರಶ್ನೆ ಏಳುತ್ತದೆ. ಸೈಟು ಹಳೆಯದಾಗಲು ಶುರುವಾಗುವುದು ಅಲ್ಲಿಂದಲೇ.

ತಿಂಗಳಿಗೆ ₹1,000 ಪಡೆಯುವವರು ಏನು ಮಾಡಬೇಕು ಎಂಬುದು ಒಪ್ಪಂದದಲ್ಲಿ ಸ್ಪಷ್ಟವಾಗಿರಲಿ. ತಿಂಗಳಿಗೊಮ್ಮೆ ವರ್ಡ್‌ಪ್ರೆಸ್ ಮತ್ತು ಪ್ಲಗಿನ್‌ಗಳ ಅಪ್‌ಡೇಟ್, ವಾರಕ್ಕೊಮ್ಮೆ ಬ್ಯಾಕಪ್, ಸೈಟು ನಿಂತರೆ ಒಂದು ದಿನದೊಳಗೆ ದುರಸ್ತಿ. ಬ್ಯಾಕಪ್ ಅದೇ ಸರ್ವರಿನಲ್ಲಿ ಇದ್ದರೆ ಪ್ರಯೋಜನವಿಲ್ಲ, ಸರ್ವರ್ ಹೋದಾಗ ಅದೂ ಹೋಗುತ್ತದೆ. ಪ್ರತಿ ಬಾರಿಯ ಒಂದು ಪ್ರತಿ ಶಾಲೆಯ ಗೂಗಲ್ ಡ್ರೈವ್‌ಗೆ ಬರಬೇಕು. ವರ್ಷಕ್ಕೊಮ್ಮೆ, ದಸರಾ ರಜೆಯಲ್ಲಿ, ಆ ಪ್ರತಿಯಿಂದ ಸೈಟನ್ನು ಬೇರೆ ಕಡೆ ಮತ್ತೆ ಎಬ್ಬಿಸಿ ತೋರಿಸಬೇಕು. ಎಬ್ಬಿಸಿ ನೋಡದ ಬ್ಯಾಕಪ್ಪನ್ನು ನಂಬುವಂತಿಲ್ಲ.

ಈ ಕೆಲಸ ನನಗೇ ಕೊಡಿ ಎಂದು ಕೇಳುತ್ತಿಲ್ಲ. ಇದೇ ಪಟ್ಟಿ ಇಟ್ಟುಕೊಂಡು ತುಮಕೂರಿನ ಇನ್ನಿಬ್ಬರಿಂದ ದರಪಟ್ಟಿ ತರಿಸಿ. ಹೋಲಿಸುವಾಗ ಹೋಸ್ಟಿಂಗ್‌ನ ಮೊದಲ ವರ್ಷದ ರಿಯಾಯಿತಿ ದರ ನೋಡಬೇಡಿ, ಅದು ಆಮಿಷ. ಎರಡನೆಯ ವರ್ಷದಿಂದ ದರ ಎರಡು-ಮೂರು ಪಟ್ಟು ಏರುವುದುಂಟು, ನವೀಕರಣದ ದರವನ್ನೇ ಬರೆಸಿಕೊಳ್ಳಿ. ಜಿಎಸ್‌ಟಿ ನೋಂದಣಿ ಇರುವವರಾದರೆ ಶೇ 18 ಮೇಲೆ ಸೇರುತ್ತದೆ. ಡೊಮೇನ್ ತಮ್ಮ ಹೆಸರಿನಲ್ಲೇ ಇರಲಿ ಎನ್ನುವವರನ್ನು, ಎಷ್ಟೇ ಅಗ್ಗವಾಗಿ ಮಾಡಿಕೊಟ್ಟರೂ, ಕೈಬಿಡಿ.

ಮಂಡಳಿಯ ಮುಂದೆ ಮೂರು ಠರಾವು

ಮುಂದಿನ ಸಭೆಯಲ್ಲಿ ಈ ಮೂರು ಠರಾವುಗಳನ್ನು ಇದೇ ಕ್ರಮದಲ್ಲಿ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ:

1. ಶಾಲೆಯ ವೆಬ್ ವಿಳಾಸವನ್ನು ಸಂಸ್ಥೆಯ ಹೆಸರಿಗೆ ವರ್ಗಾಯಿಸಿಕೊಳ್ಳುವುದು.
2. ವಾರ್ಷಿಕ ನಿರ್ವಹಣೆಗೆ ₹23,400ನ್ನು ಐದು ವರ್ಷ ಆಯವ್ಯಯದಲ್ಲಿ ಪ್ರತ್ಯೇಕ ಬಾಬ್ತಾಗಿ ಸೇರಿಸುವುದು ಮತ್ತು ಜವಾಬ್ದಾರ ಸಿಬ್ಬಂದಿಯನ್ನು ನೇಮಿಸುವುದು.
3. ನಿರ್ಮಾಣಕ್ಕೆ ಮೂರು ದರಪಟ್ಟಿ ತರಿಸಿ, ಹಂತವಾರು ಹಣ ಕೊಡುವ ಒಪ್ಪಂದ ಮಾಡಿಕೊಳ್ಳುವುದು.

ಎರಡನೆಯ ಠರಾವು ಬಿದ್ದುಹೋದರೆ ಮೂರನೆಯದನ್ನು ತೆಗೆದುಕೊಳ್ಳಬೇಡಿ. ಆಗ ಮೊದಲನೆಯದನ್ನಷ್ಟೇ ಜಾರಿ ಮಾಡಿ, ಹಳೆಯ ಸೈಟನ್ನು ಇಳಿಸಿ, ಅದೇ ವಿಳಾಸದಲ್ಲಿ ಯುನಿಕೋಡ್ ಕನ್ನಡದ ಒಂದೇ ಪುಟ ಹಾಕೋಣ: ಶಾಲೆಯ ಹೆಸರು, ವಿಳಾಸ, ಕಚೇರಿಯ ಫೋನು, ಕಚೇರಿಯ ವೇಳೆ, ದಾಖಲಾತಿಗೆ ತರಬೇಕಾದ ದಾಖಲೆಗಳ ಪಟ್ಟಿ. ಅದನ್ನು ಒಂದು ದಿನದಲ್ಲಿ, ಹಣ ಪಡೆಯದೆ ನಾನೇ ಮಾಡಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪೋಷಕ
ಗುಬ್ಬಿ